ಅರಿಶಿನ ಹಚ್ಚಿದ ಪ್ರೊವಿಷನಲ್

ನಾನು ಬಿ.ಕಾಂ. ಪದವೀಧರೆ ಎಂದು ಕೆಲವು ವರ್ಷ ಧೈರ್ಯವಾಗಿ ಹೇಳಿಕೊಂಡು ಓಡಾಡಿದ ಮೇಲೆ, ನನಗೆ ಪದವಿಯೇ ಸಿಕ್ಕಿಲ್ಲ ಅನ್ನುವುದು ನಂಜನಗೂಡಿನ ಒಂದು ಪತ್ತಿನ ಸಹಕಾರ ಸಂಘದ ಕಚೇರಿಯಲ್ಲಿ ತಿಳಿಯಿತು. ಆ ಸಂಘದಲ್ಲಿ ನಾನು ಗುಮಾಸ್ತೆ. ಕೆಲಸಕ್ಕೆ ಸೇರಿ ಪ್ರೊಬೇಷನ್ ಅವಧಿ ಮುಗಿಯುತ್ತ ಬಂದಿತ್ತು. ಕಾಯಂ ಮಾಡುವ ಮುಂಚೆ ಫೈಲು ಸರಿಯಾಗಿರಬೇಕು ಎಂದು ಸಂಘದ ಕಾರ್ಯದರ್ಶಿಗಳು ಒಂದು ಮಧ್ಯಾಹ್ನ ನನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಕನ್ನಡಕ ಮೇಲೆ ಕೆಳಗೆ ಮಾಡಿ ಕೊನೆಗೆ ನನ್ನನ್ನು ಕರೆದರು.

"ಡಿಗ್ರಿದು ಒರಿಜಿನಲ್ ಎಲ್ಲಮ್ಮ?"

"ಒರಿಜಿನಲ್ ಊರಲ್ಲಿದೆ ಸರ್. ಅದರ ಜೆರಾಕ್ಸೇ ಇದು."

"ಜೆರಾಕ್ಸ್ ಅಂತ ನನಗೂ ಗೊತ್ತಮ್ಮ. ಇದು ಪ್ರೊವಿಷನಲ್ಲು. ನಾನು ಕೇಳ್ತಿರೋದು ಕಾನ್ವೊಕೇಷನ್ ಸರ್ಟಿಫಿಕೇಟು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಷ್ಟು ದಿನ ಇಲ್ಲದ್ದು ಈಗ ಯಾಕೆ, ಕೆಲಸಕ್ಕೆ ತೆಗೆದುಕೊಳ್ಳುವಾಗ ಇದೇ ಕಾಗದ ನಡೆಯಿತಲ್ಲ ಎಂದು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಜೆರಾಕ್ಸನ್ನು ನನ್ನ ಕಡೆ ತಿರುಗಿಸಿ, ಒಂದು ಸಾಲಿನ ಕೆಳಗೆ ಬೆರಳಿಟ್ಟು ಓದು ಅಂದರು. ಇಂಥ ಪರೀಕ್ಷೆಯಲ್ಲಿ ಇಂಥ ದರ್ಜೆಯಲ್ಲಿ ಉತ್ತೀರ್ಣರಾಗಿ ಪದವಿ ಪಡೆಯಲು ಅರ್ಹರಾಗಿರುತ್ತಾರೆ ಎಂದಿತ್ತು. ಅರ್ಹಳು, ಅಷ್ಟೇ. ಪದವಿ ಕೊಟ್ಟಿದ್ದೇವೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನು ವಿಶ್ವವಿದ್ಯಾಲಯ ಹೇಳುವುದು ಘಟಿಕೋತ್ಸವದಲ್ಲಿ ಮಾತ್ರ. ಹಾಗೆ ಹೇಳಿದ ಮೇಲೆ ಕೊಡುವ ಪತ್ರವೇ ಮೂಲ ಪದವಿ ಪತ್ರ. ಅದು ಬರುವ ತನಕ ತಾತ್ಕಾಲಿಕವಾಗಿ ಕೊಡುವುದು ಪ್ರೊವಿಷನಲ್ಲು. ಘಟಿಕೋತ್ಸವಕ್ಕೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು, ಸುಮ್ಮನೆ ಕೂತರೆ ಯಾರೂ ಮನೆಗೆ ತಂದುಕೊಡುವುದಿಲ್ಲ. ನಾನು ಪಾಸಾದ ವರ್ಷ ಅರ್ಜಿ ಕರೆದಾಗ ಗೆಳತಿಯರು ವಾಟ್ಸಾಪಿನಲ್ಲಿ ಕಳಿಸಿದ್ದರು. ಡಿಗ್ರಿ ಆಗಲೇ ಕೈಯಲ್ಲಿದೆಯಲ್ಲ, ಇನ್ಯಾತಕ್ಕೆ ಎಂದು ಬಿಟ್ಟಿದ್ದೆ. ತಾಲ್ಲೂಕಿನ ಅರ್ಧ ಜನ ಹಾಗೇ ಬಿಟ್ಟಿರುತ್ತಾರೆ.

"ಕೆಲಸಕ್ಕೆ ತಗೊಳ್ಳೋಕೆ ಇದು ಸಾಕು. ಕಾಯಂ ಮಾಡೋಕೆ ಸಾಲದು. ಬೋರ್ಡ್ ಮೀಟಿಂಗ್ ಮುಂಚೆ ಒರಿಜಿನಲ್ ತಂದಿಡು. ಇಲ್ಲದಿದ್ರೆ ನಿನ್ನ ಹುದ್ದೆಗೆ ಮತ್ತೆ ಅರ್ಜಿ ಕರೀಬೇಕಾಗುತ್ತೆ, ನಾನೇನೂ ಮಾಡಕ್ಕಾಗಲ್ಲ" ಅಂದರು ಕಾರ್ಯದರ್ಶಿಗಳು. ಮಾತು ಮೆತ್ತಗಿತ್ತು, ವಿಷಯ ಮೆತ್ತಗಿರಲಿಲ್ಲ.

ಅದೃಷ್ಟಕ್ಕೆ ಆ ವರ್ಷದ ಘಟಿಕೋತ್ಸವದ ಪ್ರಕಟಣೆ ಆಗಷ್ಟೇ ಬಂದಿತ್ತು. ಹಿಂದಿನ ವರ್ಷಗಳಲ್ಲಿ ಪಾಸಾಗಿ ಪದವಿ ಪತ್ರ ತೆಗೆದುಕೊಳ್ಳದವರೂ ಸ್ವಲ್ಪ ಹೆಚ್ಚು ಶುಲ್ಕ ಕಟ್ಟಿ ಅರ್ಜಿ ಹಾಕಬಹುದಿತ್ತು. ಎಲ್ಲ ಆನ್‌ಲೈನು. ಅಂಕಪಟ್ಟಿಗಳು, ಫೋಟೋ, ಸಹಿ, ಪ್ರೊವಿಷನಲ್ಲಿನ ಮೂಲ ಪ್ರತಿಯ ಸ್ಕ್ಯಾನು. ಕಾಗದ ಕೈಗೆ ಬಂದ ದಿನವೇ ತೆಗೆಸಿದ್ದ ನನ್ನ ಜೆರಾಕ್ಸ್ ಮಸುಕಾಗಿತ್ತು. ಹಾಗಾಗಿ ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಊರಿಗೆ ಹೋದೆ. ನಮ್ಮೂರು ತಿ. ನರಸೀಪುರ ತಾಲ್ಲೂಕಿನಲ್ಲಿ, ಮೂಗೂರಿನ ಕಡೆ. ಅಪ್ಪ ಅವ್ವ ನಾಲೆ ನೀರಿನ ಒಂದಿಷ್ಟು ಗದ್ದೆ ಮಾಡಿಕೊಂಡಿದ್ದಾರೆ.

ಆ ಪ್ರೊವಿಷನಲ್ಲನ್ನು ನಾನು ಕೈಯಲ್ಲಿ ಹಿಡಿದು ನೋಡಿ ಎಷ್ಟು ಕಾಲವಾಗಿತ್ತೋ. ನರಸೀಪುರದ ಕಾಲೇಜಿನಿಂದ ಅದನ್ನು ತಂದ ದಿನ ನೆನಪಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಓದಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ಅವ್ವ ಕೈ ತೊಳೆದು ಬಂದು ಎರಡೂ ಕೈಯಲ್ಲಿ ಈಸಿಕೊಂಡಳು. ನಮ್ಮಲ್ಲಿ ಶುಭದ ಕಾಗದ ಯಾವುದೇ ಮನೆಗೆ ಬಂದರೂ, ಮದುವೆ ಪತ್ರಿಕೆಯಾಗಲಿ ಹೊಸ ಜಮೀನಿನ ಪತ್ರವಾಗಲಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ನಡುವೆ ಒಂದು ಬೊಟ್ಟು ಕುಂಕುಮ ಇಟ್ಟು ದೇವರ ಮುಂದೆ ಇಡುವುದು ಪದ್ಧತಿ. ಅವ್ವ ಹಾಗೇ ಮಾಡಿದಳು. ಅರಿಶಿನವನ್ನು ನೀರಲ್ಲಿ ಕಲಸಿದ್ದಳು. ಮೂಲೆಗೆ ಹಚ್ಚಿದ್ದು ಸಾಲದೆಂದು ಹೆಬ್ಬೆರಳನ್ನು ಸ್ವಲ್ಪ ಒಳಗೂ ಎಳೆದಿದ್ದಳು. ಆಮೇಲೆ ಅಪ್ಪ ಆ ಕಾಗದ ಜಿರಲೆ ಪಾಲಾಗಬಾರದೆಂದು, ನನಗೆ ತಿಳಿಸದೆ ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದು ಅರಿಶಿನ ಕುಂಕುಮದ ಸಮೇತ ಲ್ಯಾಮಿನೇಷನ್ ಮಾಡಿಸಿ ತಂದಿದ್ದ. ಅಂದಿನಿಂದ ಅದು ದೇವರ ಗೂಡಿನಲ್ಲೇ ಇತ್ತು. ಹಬ್ಬಕ್ಕೊಮ್ಮೆ ಅವ್ವ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದಳು.

ಆ ಭಾನುವಾರ ಅದನ್ನು ಗೂಡಿನಿಂದ ಇಳಿಸಿ ಅಪ್ಪನ ಜೊತೆ ಅದೇ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾತ ಸ್ಕ್ಯಾನರ್ ಮೇಲಿಟ್ಟು ನೋಡಿದ, ತೆಗೆದು ಪ್ಲಾಸ್ಟಿಕ್ಕನ್ನು ಒರೆಸಿದ, ಮತ್ತೆ ಇಟ್ಟ. ಪ್ಲಾಸ್ಟಿಕ್ ಹೊಳೆಯುತ್ತಿತ್ತು. ಮೇಲಿನ ಬಲ ಮೂಲೆಯಲ್ಲಿ, ಸರಿಯಾಗಿ ಪ್ರಮಾಣಪತ್ರದ ಸಂಖ್ಯೆಯ ಮೇಲೆ, ಅವ್ವನ ಹೆಬ್ಬೆರಳು ಎಳೆದ ಅರಿಶಿನ ಕಂದು ಬಣ್ಣಕ್ಕೆ ತಿರುಗಿ ಕೂತಿತ್ತು. ನಡುವಿನ ಕುಂಕುಮ ಬಿಸಿಗೆ ಹರಡಿ ನನ್ನ ನೋಂದಣಿ ಸಂಖ್ಯೆಯನ್ನು ಅರ್ಧ ನುಂಗಿತ್ತು.

"ಪೂಜೆ ಚೆನ್ನಾಗಿ ಮಾಡವ್ರೆ ಕಣಕ್ಕ" ಅಂದ ಅಂಗಡಿಯಾತ. ನಗು ತಡೆದುಕೊಂಡೇ ಅಂದ. ಬಂದ ಹಾಗೆ ಬರಲಿ ಎಂದು ಅದನ್ನೇ ಅಪ್‌ಲೋಡ್ ಮಾಡಿಸಿದೆ.

ಅರ್ಜಿಯಲ್ಲಿ ಒಂದು ಕಡೆ, ಘಟಿಕೋತ್ಸವಕ್ಕೆ ಖುದ್ದಾಗಿ ಬರುತ್ತೀರೋ ಗೈರುಹಾಜರಿಯಲ್ಲಿ ಪದವಿ ಪಡೆಯುತ್ತೀರೋ ಎಂದು ಕೇಳಿತ್ತು. ಗೈರುಹಾಜರಿ ಆರಿಸಿದರೆ ಅಲ್ಲಿಗೆ ಹೋಗಬೇಕಾಗಿಲ್ಲ. ಪದವಿ ಅಷ್ಟೇ ಸರಿಯಾಗಿ ಸಿಗುತ್ತದೆ, ಪತ್ರ ಆಮೇಲೆ ಬರುತ್ತದೆ. ನನಗೆ ರಜೆ ಹಾಕುವ ರಗಳೆ ಬೇಡವಾಗಿತ್ತು. ಅದನ್ನೇ ಒತ್ತಲು ಹೇಳುತ್ತಿದ್ದಾಗ, ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಪ್ಪ ಎದ್ದು ನಿಂತ. ಅಪ್ಪ ಬಹಳ ಕಾಲ ನಮ್ಮೂರಿನ ನೀರುಗಂಟಿಯಾಗಿದ್ದವನು. ನಾಲೆಯ ತೂಬು ತೆಗೆದು ಯಾರ ಸರದಿಗೆ ಯಾರ ಗದ್ದೆಗೆ ನೀರು ಬಿಡಬೇಕೋ ಬಿಡುತ್ತಿದ್ದವನು.

"ಏನಂದೆ, ಗೈರಾ? ಸರದಿ ಬಂದಾಗ ಗದ್ದೆತಾವ ಇಲ್ದಿದ್ರೆ ನೀರು ಪಕ್ಕದೋನ ಗದ್ದೆಗೆ ಓಯ್ತದೆ ಕನವ್ವ. ನಾನೆಷ್ಟು ಜನಕ್ಕೆ ಅಂಗೆ ಮಾಡಿಲ್ಲ."

"ಅಪ್ಪ, ಇದು ನೀರಲ್ಲ. ನಾನು ಹೋಗದಿದ್ರೂ ನನ್ನ ಡಿಗ್ರಿ ನನಗೇ ಬರುತ್ತೆ."

"ಬರ್ಲಿ. ದಿನಾ ಬಸ್ಸಲ್ಲಿ ನಿಂತ್ಕೊಂಡು ಕಾಲೇಜ್ಗೆ ಓಗಿ, ಕೊಡೋ ದಿವ್ಸ ಗೈರಾದ್ರೆ ಎಂಗೆ? ಆಜರ್ ಅಂತ ಒತ್ತಯ್ಯ ಅದ್ನ."

ಅಂಗಡಿಯಾತ ನನ್ನ ಮುಖ ನೋಡಲಿಲ್ಲ, ಖುದ್ದು ಹಾಜರಿ ಎಂದು ಒತ್ತಿಬಿಟ್ಟ. ನರಸೀಪುರದಲ್ಲಿ ಅಪ್ಪನ ಮಾತಿಗೆ ಇರುವ ಬೆಲೆ ನನ್ನ ಮಾತಿಗಿಲ್ಲ.

ವಾರದೊಳಗೆ ಫೋನಿಗೆ ಸಂದೇಶ ಬಂತು. ನನ್ನ ಅರ್ಜಿ ವಾಪಸ್ಸಾಗಿತ್ತು. ಪ್ರೊವಿಷನಲ್ ಪ್ರಮಾಣಪತ್ರ ಅಸ್ಪಷ್ಟ, ಸ್ಪಷ್ಟ ಪ್ರತಿಯನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿ ಎಂದಿತ್ತು. ಸ್ಪಷ್ಟ ಪ್ರತಿ ಎಲ್ಲಿಂದ ತರಲಿ? ಪ್ಲಾಸ್ಟಿಕ್ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಇನ್ನೊಂದು ಪ್ರೊವಿಷನಲ್ ಬೇಕೆಂದರೆ ಅಫಿಡವಿಟ್ಟು, ಅರ್ಜಿ, ಅದು ಬರುವಷ್ಟರಲ್ಲಿ ಘಟಿಕೋತ್ಸವವೇ ಮುಗಿದಿರುತ್ತದೆ. ಈ ಘಟಿಕೋತ್ಸವ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಬೋರ್ಡ್ ಮೀಟಿಂಗ್ ನನಗಾಗಿ ಕಾಯುತ್ತದೆಯೇ? ಆ ದಿನ ಸಂಘದಲ್ಲಿ ಕೂಡಿದ ಲೆಕ್ಕವನ್ನೇ ಮತ್ತೆ ಮತ್ತೆ ಕೂಡಿದೆ, ಒಂದೂ ತಾಳೆಯಾಗಲಿಲ್ಲ.

ಅವ್ವನಿಗೆ ಹೇಳಬಾರದೆಂದಿದ್ದೆ. ಆದರೆ ಅಪ್ಪ ಫೋನಿನಲ್ಲಿ ಬಿಡಿಸಿ ಬಿಡಿಸಿ ಕೇಳಿ, ತಿಳಿದದ್ದನ್ನು ಹಾಗೇ ಅವ್ವನಿಗೆ ಒಪ್ಪಿಸಿದ್ದ. ಮಾರನೆಯ ದಿನ ಕಾಲೇಜಿಗೆ ಹೋಗಲೆಂದು ನರಸೀಪುರದಲ್ಲಿ ಬಸ್ಸಿಳಿದರೆ ಅವ್ವ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ಎದುರಿಗೇ ಹೂವಿನವಳಿದ್ದರೂ ಮುಡಿಗೆ ಹೂವಿಲ್ಲ. ಅವ್ವ ಹೂವಿಲ್ಲದೆ ನರಸೀಪುರಕ್ಕೆ ಬಂದದ್ದನ್ನು ನಾನು ನೋಡಿರಲಿಲ್ಲ.

"ನಿನ್ ಕೆಲ್ಸನ ನಾನೇ ಕೆಡುಸ್ಬುಟ್ನಲ್ಲವ್ವ" ಅಂದಳು.

"ಏನೂ ಕೆಟ್ಟಿಲ್ಲ, ಸುಮ್ನಿರವ್ವ. ಬಾ, ಕಾಲೇಜಿಗೆ ಹೋಗೋಣ."

"ಒಳ್ಳೇದಾಗ್ಲಿ ಅಂತ ಅಚ್ಚಿದ್ದು ಕನ."

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಆದರೆ ಈ ಅರ್ಜಿ ಬಿದ್ದುಹೋದರೆ ಅವ್ವ ಜೀವಮಾನವಿಡೀ ತನ್ನ ಹೆಬ್ಬೆರಳನ್ನು ನೋಡಿಕೊಂಡು ಕೊರಗುತ್ತಾಳೆ ಎಂದು ಗೊತ್ತಿತ್ತು. ಆ ಹೊತ್ತಿನಿಂದ ನನಗೆ ಕಾಯಂ ಆಗುವುದಕ್ಕಿಂತ ಅವ್ವನ ಮನಸ್ಸಿನಿಂದ ಈ ಭಾರ ಇಳಿಸುವುದೇ ದೊಡ್ಡದಾಯಿತು.

ಕಾಲೇಜಿನ ಪ್ರಾಂಶುಪಾಲರು ನನಗೆ ಪಾಠ ಮಾಡಿದವರಲ್ಲ, ಹೊಸಬರು. ಲ್ಯಾಮಿನೇಷನ್ ಆದ ಪ್ರೊವಿಷನಲ್ಲನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಯಾರಮ್ಮ ಇದಕ್ಕೆ ಅರಿಶಿನ ಹಚ್ಚಿದ್ದು?"

"ನಾನೇ ಕನ್ ಸಾ. ಅವ್ಳ್ದೇನೂ ತಪ್ಪಿಲ್ಲ."

"ಒಳಗೆ ಬನ್ನಿ, ಕೂತ್ಕೊಳ್ಳಿ. ನಮ್ಮಮ್ಮ ನನ್ನ ಅಪಾಯಿಂಟ್‌ಮೆಂಟ್ ಆರ್ಡರ್‌ಗೆ ಹಚ್ಚಿದ್ರು. ಪುಣ್ಯಕ್ಕೆ ನಮ್ಮಪ್ಪಂಗೆ ಲ್ಯಾಮಿನೇಷನ್ ಗೊತ್ತಿರಲಿಲ್ಲ" ಅಂದು ಜೋರಾಗಿ ನಕ್ಕರು.

ಅವ್ವ ಕುರ್ಚಿಯ ತುದಿಯಲ್ಲಿ ಕೂತಳು. ಪ್ರಾಂಶುಪಾಲರು ವಿಶ್ವವಿದ್ಯಾಲಯದ ಘಟಿಕೋತ್ಸವ ವಿಭಾಗಕ್ಕೆ ಫೋನು ಮಾಡಿ, ನಡೆದದ್ದನ್ನು ಹೇಳಿದರು. ಆ ಕಡೆಯವರೂ ನಕ್ಕದ್ದು ನಮಗೆ ಕೇಳಿಸಿತು. ಪ್ರೊವಿಷನಲ್ಲು ಹೇಳುವುದು ಪಾಸಾಗಿದ್ದಾಳೆ ಅನ್ನುವುದನ್ನು ತಾನೇ, ಆ ಮಾತು ಅಂಕಪಟ್ಟಿಗಳಲ್ಲೂ ಇದೆ, ತಮ್ಮ ದಾಖಲೆಯಲ್ಲೂ ಇದೆ. ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳನ್ನು ದೃಢೀಕರಿಸಿ, ಪ್ರೊವಿಷನಲ್ಲು ಯಾಕೆ ಓದಲಾಗುತ್ತಿಲ್ಲ ಎಂದು ಪ್ರಾಂಶುಪಾಲರ ಒಂದು ಪತ್ರ ಲಗತ್ತಿಸಿದರೆ ಪರಿಶೀಲಿಸುತ್ತೇವೆ ಅಂದರಂತೆ. ಪ್ರಾಂಶುಪಾಲರು ಅಲ್ಲೇ ಪತ್ರ ಟೈಪ್ ಮಾಡಿಸಿದರು. ಕಾರಣ ಏನೆಂದು ಬರೆಯಬೇಕೆಂದು ಟೈಪಿಸ್ಟು ಕೇಳಿದಾಗ ಒಂದು ಕ್ಷಣ ಯೋಚಿಸಿ, "ಇದ್ದದ್ದು ಇದ್ದಹಾಗೇ ಬರೀರಿ. ಪೂಜೆ ಸಂದರ್ಭದಲ್ಲಿ ಅರಿಶಿನ ಕುಂಕುಮ ತಗುಲಿ ಸಂಖ್ಯೆಗಳು ಅಸ್ಪಷ್ಟವಾಗಿರುತ್ತವೆ" ಅಂದರು. ಸೀಲು ಬಿತ್ತು, ಸಹಿ ಬಿತ್ತು. ಮಧ್ಯಾಹ್ನದೊಳಗೆ ಎಲ್ಲವನ್ನೂ ಮತ್ತೆ ಅಪ್‌ಲೋಡ್ ಮಾಡಿದೆವು.

ಅರ್ಜಿ ಅಂಗೀಕಾರವಾಗಿದೆ ಎಂಬ ಸಂದೇಶ ಬಂದಾಗ ನಾನು ಸಂಘದ ಕೌಂಟರಿನಲ್ಲಿದ್ದೆ. ಠೇವಣಿ ಇಡಲು ಬಂದಿದ್ದ ಯಜಮಾನರೊಬ್ಬರ ಮುಂದೆಯೇ ಅಪ್ಪನಿಗೆ ಫೋನು ಮಾಡಿದೆ. ಆ ಯಜಮಾನರು ಪೂರ್ತಿ ಕಥೆ ಕೇಳಿಸಿಕೊಂಡು, ಠೇವಣಿ ಇಡುವುದನ್ನೂ ಮರೆತು, ಒಳ್ಳೇದಾಯ್ತು ಬಿಡವ್ವ ಎಂದು ಹೊರಟೇಬಿಟ್ಟರು. ಹೊರಗೆ ಓಡಿ ಹೋಗಿ ಕರೆತರಬೇಕಾಯಿತು. ಅವ್ವ ಮಾತ್ರ ಫೋನಿನಲ್ಲಿ, "ಕೈಗೆ ಬರ್ಲಿ ತಡಿ, ಆಮೇಕ್ ನೋಡಾನ" ಅಂದಳು. ನಂಬಿರಲಿಲ್ಲ.

ಘಟಿಕೋತ್ಸವದ ದಿನ ಅಪ್ಪ ಅವ್ವ ಊರಿಂದ ಮೊದಲ ಬಸ್ಸಿಗೇ ಮೈಸೂರಿಗೆ ಬಂದಿದ್ದರು. ನಾನು ನಂಜನಗೂಡಿನಿಂದ ಹೋದೆ. ಅಭ್ಯರ್ಥಿಯ ಜೊತೆ ಇಬ್ಬರಿಗೆ ಪ್ರವೇಶವಿತ್ತು. ಅಪ್ಪ ಇಸ್ತ್ರಿ ಪಂಚೆ ಉಟ್ಟಿದ್ದ. ಅವ್ವ ತಲೆ ತುಂಬ ಮಲ್ಲಿಗೆ ಮುಡಿದಿದ್ದಳು. ನನಗೆ ಕರಿ ಗೌನು, ಚೌಕದ ಟೋಪಿ ಸಿಗುತ್ತದೆಂದು ಅಪ್ಪ ಊರಲ್ಲಿ ಹೇಳಿ ಬಂದಿದ್ದನಂತೆ. ಕೊಟ್ಟದ್ದು ಹೆಗಲ ಮೇಲೆ ಹಾಕಿಕೊಳ್ಳುವ ಒಂದು ಶಲ್ಯ. "ಅದೂ ಚಂದಾಗೇ ಅದೆ" ಎಂದು ಅಪ್ಪ ತನಗೆ ತಾನೇ ಸಮಾಧಾನ ಮಾಡಿಕೊಂಡ.

ಇನ್ನೊಂದು ನಿರಾಸೆಯನ್ನು ನಾನು ಮೊದಲೇ ಹೇಳಿಟ್ಟಿದ್ದೆ. ವೇದಿಕೆ ಹತ್ತಿ ಕೈಕುಲುಕುವುದು ಪಿಎಚ್.ಡಿ. ಪಡೆದವರಿಗೆ, ಚಿನ್ನದ ಪದಕದವರಿಗೆ. ನಮ್ಮಂಥ ಬಿ.ಕಾಂ. ಮಂದಿ ಕೂತಲ್ಲೇ ಎದ್ದು ನಿಲ್ಲಬೇಕು. ನಿಕಾಯದ ಮುಖ್ಯಸ್ಥರು, ಅಂದರೆ ಡೀನ್, ಇವರೆಲ್ಲ ಪದವಿಗೆ ಅರ್ಹರೆಂದು ಹೇಳುತ್ತಾರೆ, ಅಧ್ಯಕ್ಷ ಪೀಠದಲ್ಲಿರುವವರು ಪದವಿ ಪ್ರದಾನ ಮಾಡಿದ್ದೇನೆ ಅನ್ನುತ್ತಾರೆ. ಪದವಿ ಬರುವುದು ಆ ಒಂದು ಮಾತಿನಲ್ಲಿ. ಕಾಗದ ಆಮೇಲೆ ಕೌಂಟರಿನಲ್ಲಿ. ಇದನ್ನು ಅವ್ವನಿಗೆ ಎರಡು ಸಲ ಬಿಡಿಸಿ ಹೇಳಿದ್ದೆ. ತಲೆಯಾಡಿಸಿದ್ದಳು.

ಭಾಷಣಗಳು ಉದ್ದವಾಗಿದ್ದವು. ಅಪ್ಪ ನಡುವೆ ಒಂದು ನಿದ್ದೆ ತೆಗೆದ. ಕೊನೆಗೆ ವಾಣಿಜ್ಯ ನಿಕಾಯದ ಸರದಿ ಬಂತು. ಮೈಕಿನಲ್ಲಿ ನಮ್ಮನ್ನು ಎದ್ದು ನಿಲ್ಲಲು ಹೇಳಿದರು. ನಾನು ಎದ್ದೆ, ಹಿಂದೆ ಮುಂದೆ ಶಲ್ಯ ಹಾಕಿಕೊಂಡವರೆಲ್ಲ ಎದ್ದರು. ಅಭ್ಯಾಸ ಬಲದಿಂದ ಹಿಂತಿರುಗಿ ಪೋಷಕರ ಕಡೆ ನೋಡಿದರೆ, ಕೂತ ಸಾಲುಗಳ ಮಧ್ಯೆ ಅವ್ವ ಒಬ್ಬಳೇ ನೆಟ್ಟಗೆ ನಿಂತಿದ್ದಳು. ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದು, ಕೈ ಮುಗಿದು, ವೇದಿಕೆಯನ್ನೇ ನೋಡುತ್ತಿದ್ದಳು. ಸ್ವಯಂಸೇವಕಿ ಹುಡುಗಿಯೊಬ್ಬಳು ಹತ್ತಿರ ಹೋಗಿ ಏನೋ ಹೇಳಿದಳು. ಅವ್ವ ಕೂರಲಿಲ್ಲ. ಆ ಹುಡುಗಿಯೂ ಸುಮ್ಮನೆ ಪಕ್ಕದಲ್ಲಿ ನಿಂತುಕೊಂಡಳು. ಮೈಕಿನಲ್ಲಿ ಪದವಿ ಪ್ರದಾನದ ಮಾತು ಕೇಳಿಬಂತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಪ್ರತಿಜ್ಞೆ ಬೋಧಿಸಿದಾಗ ಅರ್ಧ ಮಾತು ಬಾಯಿಂದ ಹೊರಡಲೇ ಇಲ್ಲ.

ಆಮೇಲೆ ಕೇಳಿದೆ, ಯಾಕವ್ವ ನಿಂತಿದ್ದು ಅಂತ. "ಅರ್ಜಿನಾಗೆ ನನ್ ಪೂಜೆ ಇಚಾರನೂ ಬರ್ದವ್ರಲ್ಲ. ಕೇಳುದ್ರೆ ಉತ್ರ ಕೊಡಕೆ ನಾನಿರ್ಬ್ಯಾಡ್ವಾ?" ಅಂದಳು. ಅಷ್ಟು ಹೊತ್ತೂ ಯಾರಾದರೂ ಈ ಅರಿಶಿನದ ಅರ್ಜಿ ಯಾರದು ಎಂದು ಕೇಳುತ್ತಾರೆಂದೇ ಕಾದಿದ್ದಳು.

ಕೌಂಟರಿನಲ್ಲಿ ಅರ್ಜಿಯ ಪ್ರತಿ, ಆಧಾರ್, ಅಂಕಪಟ್ಟಿ ತೋರಿಸಿ ಸಹಿ ಹಾಕಿದೆ. ದಪ್ಪ ಕಾಗದ, ಮುದ್ರೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನನ್ನ ಹೆಸರು. ಅರ್ಹರಾಗಿರುತ್ತಾರೆ ಅನ್ನುವ ಮಾತು ಅದರಲ್ಲಿರಲಿಲ್ಲ. ಪದವಿ ನೀಡಲಾಗಿದೆ ಎಂದಿತ್ತು. ಅಲ್ಲೇ ನಿಂತು ಅದನ್ನು ಮೂರು ನಾಲ್ಕು ಸಲ ಓದಿದೆ. ಹಿಂದಿನವರು ಜರುಗಿ ಜರುಗಿ ಎಂದು ಗೊಣಗಿದರು.

"ಲ್ಯಾಮಿನೇಷನ್ ಮಾಡಿಸ್ಬೇಡಿ, ಮುಂದೆ ಅಟೆಸ್ಟೇಷನ್‌ಗೆ ತೊಂದರೆ ಆಗುತ್ತೆ" ಎಂದು ಕೌಂಟರಿನಾಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಅವ್ವ ಅಪ್ಪನ ಕಡೆ ತಿರುಗಿ ದುರುಗುಟ್ಟಿ ನೋಡಿದಳು. ಅಪ್ಪ ತುರ್ತಾಗಿ ಚಪ್ಪಲಿ ಸರಿಮಾಡಿಕೊಂಡ.

ಕಾಗದವನ್ನು ಅವ್ವನ ಕೈಗೆ ಕೊಡಹೋದೆ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. "ನೀನೇ ಇಟ್ಕೊ. ನಾನು ಮುಟ್ಟಕಿಲ್ಲ" ಅಂದಳು. ಎಷ್ಟು ಹೇಳಿದರೂ ಮುಟ್ಟಲಿಲ್ಲ. ಆದರೆ ಅದನ್ನು ಸಂಘಕ್ಕೆ ಕೊಡುವ ದಿನ ತಾನೂ ಬರುತ್ತೇನೆಂದು ಹಟ ಹಿಡಿದಳು.

ಹಾಗೆ ಬೋರ್ಡ್ ಮೀಟಿಂಗಿಗೆ ಮುಂಚಿನ ಸೋಮವಾರ ಅವ್ವ ನಮ್ಮ ಕಚೇರಿಗೆ ಬಂದಳು. ಕಾರ್ಯದರ್ಶಿಗಳು ಕುರ್ಚಿ ಹಾಕಿಸಿದರು. ಮೂಲ ಪತ್ರವನ್ನು ಅಕ್ಷರ ಅಕ್ಷರ ನೋಡಿ, ಅದರ ಜೆರಾಕ್ಸಿನ ಮೇಲೆ ಮೂಲ ಪ್ರತಿಯೊಂದಿಗೆ ಪರಿಶೀಲಿಸಲಾಗಿದೆ ಎಂದು ಸೀಲು ಹಾಕಿ ಸಹಿ ಮಾಡಿ ಫೈಲಿಗೆ ಸೇರಿಸಿದರು. ಮೂಲ ಪತ್ರವನ್ನು ನನಗೆ ವಾಪಸ್ ಕೊಟ್ಟರು.

"ಆಯ್ತಮ್ಮ. ಇನ್ನೇನೂ ಬಾಕಿ ಇಲ್ಲ. ಮೀಟಿಂಗಲ್ಲಿ ಇಟ್ಟು ಆರ್ಡರ್ ಮಾಡಿಸ್ತೀನಿ. ನಿಮ್ಮ ಮಗಳು ಕಾಯಂ ಆದಳು ಅಂತಲೇ ತಿಳ್ಕೊಳ್ಳಿ" ಎಂದು ಅವ್ವನಿಗೆ ಹೇಳಿದರು.

ಅವ್ವ ಕುರ್ಚಿಯಿಂದ ಎದ್ದಳು.

"ಅಂಗಾರೆ ನಾನೇನೂ ಕೆಡುಸ್ಲಿಲ್ಲ, ಅಲ್ವ ಸಾ?"

ಕಾರ್ಯದರ್ಶಿಗಳಿಗೆ ಯಾವ ಅರಿಶಿನದ ಕಥೆಯೂ ಗೊತ್ತಿರಲಿಲ್ಲ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ಆ ಪತ್ರವನ್ನು ಅವ್ವನ ಎರಡೂ ಕೈಗೆ ಇಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಸಿದೆ. ಈ ಸಲ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.